ಅಡವು ಕೌಂಟರಿನ ಈಚೆ ಕುಳಿತ ನಮ್ಮ ಮಗ

ಇತ್ತೀಚೆಗೆ ಓರ್ವ ತಂದೆ ನಮ್ಮನ್ನು ಭೇಟಿಯಾದರು. ತಾಲೂಕು ಕೇಂದ್ರವೊಂದರಲ್ಲಿ ಸಣ್ಣ ಪಾದರಕ್ಷೆ ಅಂಗಡಿ ಇಟ್ಟುಕೊಂಡವರು. ಮಗ ಬಿ.ಕಾಂ. ಮುಗಿಸಿ, ಚಿನ್ನದ ಮೇಲೆ ಸಾಲ ಕೊಡುವ ಕಂಪೆನಿಯೊಂದರ ಶಾಖೆಯಲ್ಲಿ ಮೂರು ವರ್ಷಗಳಿಂದ ದುಡಿಯುತ್ತಿದ್ದಾನೆ. ಸಂಬಳ ಚೆನ್ನಾಗಿದೆ, ಪ್ರೋತ್ಸಾಹಧನ ಬೇರೆ. ಮನೆಯ ಬಾಡಿಗೆ, ತಂಗಿಯ ಕಾಲೇಜು ಶುಲ್ಕ, ತಾಯಿಯ ಔಷಧಿ ಎಲ್ಲವೂ ಅದರಿಂದಲೇ ನಡೆಯುತ್ತದೆ. ಆದರೆ ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗ, 'ಅಬ್ಬಾ, ಇವತ್ತು ಪಕ್ಕದ ಗಲ್ಲಿಯ ಖಾಲಾ ಬಂದಿದ್ದರು. ಅವರ ಸರವನ್ನು ನಾನೇ ತೂಗಿದೆ' ಎಂದು ಹೇಳಿ ಸುಮ್ಮನಾದನಂತೆ. ಅನಂತರ ಊಟ ಸೇರಲಿಲ್ಲವಂತೆ. 'ಅವನಿಗೆ ನಾನು ಏನು ಹೇಳಲಿ? ಬಿಡು ಎಂದರೆ ಮನೆ ನಡೆಯುವುದಿಲ್ಲ. ಇರಲಿ ಎಂದರೆ ನಾಳೆ ಅಲ್ಲಾಹನ ಮುಂದೆ ಏನು ಉತ್ತರಿಸಲಿ?' ಎಂದು ಆ ತಂದೆ ಕೇಳಿದರು.

ಈ ಪ್ರಶ್ನೆ ಅವರೊಬ್ಬರದ್ದಲ್ಲ. ನಮ್ಮ ಪಟ್ಟಣಗಳಲ್ಲಿ ವಾಣಿಜ್ಯ ಪದವಿ ಪಡೆದ ಯುವಕನ ಮುಂದೆ ಮೊದಲು ತೆರೆದುಕೊಳ್ಳುವ ಬಾಗಿಲುಗಳೆಂದರೆ ಬ್ಯಾಂಕು, ಫೈನಾನ್ಸ್, ಕಿರುಸಾಲ ಸಂಸ್ಥೆ ಮತ್ತು ಚಿನ್ನದ ಸಾಲದ ಶಾಖೆ. ಇವನ್ನು ನಾವು ಎರಡು ರೀತಿಯಲ್ಲಿ ಎದುರಿಸುತ್ತೇವೆ. ಒಂದೋ, 'ಹರಾಮ್' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಇಲ್ಲವೇ, 'ಈ ಕಾಲದಲ್ಲಿ ಇದೆಲ್ಲ ನಡೆಯುತ್ತದೆ' ಎಂದು ಕಣ್ಣು ಮುಚ್ಚಿಕೊಳ್ಳುತ್ತೇವೆ. ಎರಡರಲ್ಲೂ ಆ ಯುವಕ ಒಬ್ಬಂಟಿಯಾಗುತ್ತಾನೆ. ನಿಜವಾಗಿ ಆ ಕೌಂಟರಿನಲ್ಲಿ ಏನು ನಡೆಯುತ್ತದೆ, ಅವನ ಕೈ ಏನು ಮಾಡುತ್ತದೆ ಎಂದು ಕುಳಿತು ವಿಚಾರಿಸಿದವರು ಎಷ್ಟು ಮಂದಿ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕಾಗಿದೆ. ಚಿನ್ನವನ್ನು ಅಡವಿಟ್ಟು ಸಾಲ ಪಡೆಯುವುದು ಸ್ವತಃ ಇಸ್ಲಾಮಿನಲ್ಲಿ ನಿಷಿದ್ಧವಲ್ಲ. ಪ್ರವಾದಿ(ಸ)ರು ನಿಧನರಾಗುವ ಸಂದರ್ಭದಲ್ಲಿ ಅವರ ಯುದ್ಧಕವಚವು ಮೂವತ್ತು ಸಾಅ್ ಬಾರ್ಲಿಗಾಗಿ ಓರ್ವ ಯಹೂದಿಯ ಬಳಿ ಅಡವಿನಲ್ಲಿತ್ತು ಎಂಬುದು ಬುಖಾರಿಯಲ್ಲಿ ದಾಖಲಾಗಿದೆ. ಆದ್ದರಿಂದ ತಕ್ಕಡಿಯೂ ತಪ್ಪಲ್ಲ, ಅಡವಿನ ರಸೀದಿಯೂ ತಪ್ಪಲ್ಲ. ಆಕ್ಷೇಪ ಇರುವುದು ಸಾಲದ ಮೇಲೆ ಕಾಲಕ್ಕೆ ತಕ್ಕಂತೆ ಏರುವ ಬಡ್ಡಿಯ ಬಗ್ಗೆ. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನು, ಬರೆಯುವವನನ್ನು ಮತ್ತು ಸಾಕ್ಷಿ ನಿಲ್ಲುವವರನ್ನು ಕೂಡ ಪ್ರವಾದಿ(ಸ)ರು ಶಪಿಸಿದ್ದಾರೆಂಬ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಶಾಖೆಯಲ್ಲಿ ಕುಳಿತ ಯುವಕನ ಎದೆ ಅಳುಕುವುದು ಈ 'ಬರೆಯುವವನು' ಎಂಬ ಪದಕ್ಕೆ. ಅದೇ ವರದಿಯಲ್ಲಿ 'ಕೊಡುವವನು' ಎಂಬ ಪದವೂ ಇದೆ ಎಂಬುದನ್ನು ಅವನನ್ನು ದೂರುವ ನಾವು ಮರೆತುಬಿಡುತ್ತೇವೆ.

ಈಗ ಆ ಕೌಂಟರಿಗೆ ಬರೋಣ. ಓರ್ವ ತಾಯಿ 30 ಗ್ರಾಮಿನ ಸರ ತಂದಿದ್ದಾರೆ. ಆಸ್ಪತ್ರೆಯ ಖರ್ಚಿಗೆ ಅವರಿಗೆ 1,20,000 ರೂಪಾಯಿ ಬೇಕು. ಯುವಕ ಸರವನ್ನು ಒರೆಗಲ್ಲಿಗೆ ಉಜ್ಜುತ್ತಾನೆ, ಆಮ್ಲದ ಹನಿ ಹಾಕಿ ಬಣ್ಣ ನೋಡುತ್ತಾನೆ, ತೂಗುತ್ತಾನೆ. ಕಲ್ಲು ಮತ್ತು ಕರಿಮಣಿಯ ತೂಕವೆಂದು 2 ಗ್ರಾಮ್ ಕಳೆಯುತ್ತಾನೆ. ಉಳಿದದ್ದು 28 ಗ್ರಾಮ್. ಲೆಕ್ಕ ಸುಲಭವಾಗಲೆಂದು ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಸರದ ಬೆಲೆ 2,80,000. ಅದರ ಶೇ. 75ರಂತೆ ಸಾಲ ಕೊಟ್ಟರೆ 2,10,000 ರೂಪಾಯಿ ಆಗುತ್ತದೆ. 2014ರಲ್ಲಿ ರಿಸರ್ವ್ ಬ್ಯಾಂಕು ಇಂತಹ ಕಂಪೆನಿಗಳಿಗೆ ನಿಗದಿಪಡಿಸಿದ ಮಿತಿ ಇದುವೇ ಆಗಿತ್ತು. 2025ರ ಜೂನ್‌ನ ನಿರ್ದೇಶನಗಳಲ್ಲಿ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಅದನ್ನು ಶೇ. 85ಕ್ಕೆ ಸಡಿಲಿಸಲಾಯಿತು.

ಇಲ್ಲಿಯವರೆಗಿನ ಕೆಲಸ ಒಬ್ಬ ಅಕ್ಕಸಾಲಿಗನ ಕೆಲಸದಂತೆಯೇ ಇದೆ. ನಿಜವಾದ ಪರೀಕ್ಷೆ ಮುಂದಿನ ಮಾತಿನಲ್ಲಿದೆ. ಆ ತಾಯಿ ಕೇಳಿದ್ದು 1,20,000. ಆದರೆ ಶಾಖೆಯ ಗುರಿ ನಿಂತಿರುವುದು ಹೊರಗೆ ಕೊಟ್ಟ ಸಾಲದ ಒಟ್ಟು ಮೊತ್ತದ ಮೇಲೆ. ಯುವಕನ ಪ್ರೋತ್ಸಾಹಧನವೂ ಅದರ ಮೇಲೆಯೇ. ಆದ್ದರಿಂದ ಅವನು ಹೇಳಲು ಕಲಿತಿರುವ ಮಾತು, 'ಖಾಲಾ, ನಿಮಗೆ 2,10,000ದವರೆಗೆ ಸಿಗುತ್ತದೆ. ಪೂರ್ತಿ ತೆಗೆದುಕೊಳ್ಳಿ, ಯಾವುದಕ್ಕಾದರೂ ಆಗುತ್ತದೆ' ಎಂಬುದು. ಬಡ್ಡಿ ಶೇ. 12 ಮಾತ್ರ ಎಂದೂ ಅವನು ಹೇಳುತ್ತಾನೆ. ಅದು ಸುಳ್ಳಲ್ಲ. ಆದರೆ ಹಲವು ಯೋಜನೆಗಳಲ್ಲಿ ಆ ದರವು ತಿಂಗಳು ತಿಂಗಳೂ ತಪ್ಪದೆ ಬಡ್ಡಿ ಕಟ್ಟುವವರಿಗೆ ನೀಡುವ ರಿಯಾಯಿತಿ ದರ. ಕಂತು ತಪ್ಪಿದರೆ ರಿಯಾಯಿತಿ ಹಾರಿಹೋಗಿ ಮೂಲದರ ಎದ್ದು ನಿಲ್ಲುತ್ತದೆ. ಅದು ಶೇ. 24 ಎಂದಿಟ್ಟುಕೊಳ್ಳೋಣ.

ಒಂದು ವರ್ಷ ಆ ತಾಯಿಗೆ ಏನೂ ಕಟ್ಟಲಾಗಲಿಲ್ಲ. ತಮಗೆ ಬೇಕಾದಷ್ಟೇ ಪಡೆದಿದ್ದರೆ ಬಡ್ಡಿ 28,800 ಸೇರಿ ಒಟ್ಟು ಬಾಕಿ 1,48,800 ಆಗುತ್ತಿತ್ತು. ಸರದ ಬೆಲೆ ಅದರ ಎರಡು ಪಟ್ಟಿಗೆ ಹತ್ತಿರ ಇರುವುದರಿಂದ ಹೇಗಾದರೂ ಬಿಡಿಸಿಕೊಳ್ಳುವ ಆಸೆ ಉಳಿಯುತ್ತಿತ್ತು. ಪೂರ್ತಿ ಪಡೆದದ್ದರಿಂದ ಬಡ್ಡಿಯೇ 50,400, ಒಟ್ಟು ಬಾಕಿ 2,60,400. ಚಿನ್ನದ ಬೆಲೆ ಶೇ. 10ರಷ್ಟು ಇಳಿದರೆ ಸರದ ಬೆಲೆ 2,52,000ಕ್ಕೆ ಬರುತ್ತದೆ. ಆಗ ಸರವನ್ನು ಹರಾಜು ಹಾಕಿದರೂ ಸಾಲ ಮುಗಿಯುವುದಿಲ್ಲ. ಒಂದೇ ಸರ, ಒಂದೇ ಬಡ್ಡಿ ದರ, ಒಬ್ಬರೇ ತಾಯಿ. ವ್ಯತ್ಯಾಸ ಮಾಡಿದ್ದು 'ಪೂರ್ತಿ ತೆಗೆದುಕೊಳ್ಳಿ' ಎಂಬ ಎರಡು ಪದಗಳು. ಆ ಪದಗಳಿಗೆ ಸಿಕ್ಕಿದ ಕೂಲಿಯೇ ಯುವಕನ ಪ್ರೋತ್ಸಾಹಧನ. ಊಟ ಸೇರದೇ ಹೋದದ್ದು ಯಾಕೆಂಬುದು ಈಗ ಅರ್ಥವಾಗುತ್ತದೆಯಲ್ಲವೇ?

ಹರಾಜಿಗೆ ನಿಯಮಗಳಿಲ್ಲವೇ? ಇವೆ. ಮೊದಲು ನೋಟಿಸು ಕೊಡಬೇಕು, ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಹಣ ಬಂದರೆ ಹೆಚ್ಚುವರಿಯನ್ನು ಮಾಲಕರಿಗೆ ಮರಳಿಸಬೇಕು. 2025ರ ನಿರ್ದೇಶನಗಳು ಅವಧಿಯ ಕೊನೆಗೆ ಒಮ್ಮೆಲೇ ತೀರಿಸುವ ಸಾಲದಲ್ಲಿ ಬಡ್ಡಿಯನ್ನೂ ಸೇರಿಸಿಯೇ ಮಿತಿಯನ್ನು ಲೆಕ್ಕ ಹಾಕಬೇಕೆಂದು ಹೇಳುತ್ತವೆ. ಇವೆಲ್ಲ ಒಳ್ಳೆಯ ನಿಯಮಗಳೇ. ಆದರೆ ಅವು ಸಾಲಗಾರನಿಗೆ ಬೀಳುವ ಏಟನ್ನು ಹಗುರಗೊಳಿಸುತ್ತವೆಯೇ ಹೊರತು ಬಡ್ಡಿಯನ್ನು ಇಲ್ಲವಾಗಿಸುವುದಿಲ್ಲ. ಸಂಕಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂಬುದು ಅಲ್‌ಬಕರ ಅಧ್ಯಾಯದ 280ನೇ ಸೂಕ್ತದ ಆದೇಶ. ಕೌಂಟರಿನಲ್ಲಿ ಕುಳಿತವನಿಗೆ ಆ ಅವಕಾಶ ಕೊಡುವ ಅಧಿಕಾರವೇ ಇಲ್ಲ. ಅವನು ಎಷ್ಟೇ ಕರುಣಾಮಯಿಯಾಗಿದ್ದರೂ ದಿನಾಂಕವನ್ನು ನಿರ್ಧರಿಸುವುದು ಕಂಪ್ಯೂಟರು.

ಹಾಗಾದರೆ ಅವನು ನಾಳೆಯೇ ರಾಜೀನಾಮೆ ಕೊಡಬೇಕೇ? ಈ ವಿಷಯದಲ್ಲಿ ವಿದ್ವಾಂಸರಲ್ಲಿ ಒಂದೇ ಅಭಿಪ್ರಾಯವಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಸೌದಿಯ ಶೈಖ್ ಇಬ್ನ್ ಬಾಝ್‌ರಂತಹವರು ಬಡ್ಡಿ ವ್ಯವಹಾರದ ಸಂಸ್ಥೆಯಲ್ಲಿ ದುಡಿಯುವುದು ಪಾಪಕ್ಕೆ ನೆರವಾಗುವುದೆಂದು ಹೇಳಿ ಅದನ್ನು ನಿಷೇಧಿಸಿದರು. ಯೂಸುಫ್ ಅಲ್ ಖರ್ದಾವಿಯವರು ಬ್ಯಾಂಕಿನ ಎಲ್ಲ ಕೆಲಸವೂ ಬಡ್ಡಿಯಲ್ಲ, ಜೀವನೋಪಾಯದ ಅಗತ್ಯವಿರುವವನು ಅದನ್ನು ಒಪ್ಪಿಕೊಳ್ಳಬಹುದು, ಆದರೆ ಮನಸ್ಸು ಅದಕ್ಕೆ ಒಗ್ಗಿಹೋಗದೆ ಬೇರೆ ದಾರಿಯನ್ನು ಹುಡುಕುತ್ತಿರಬೇಕು ಎಂಬ ನಿಲುವನ್ನು ತಳೆದರು. ಇಬ್ಬರೂ ಬಡ್ಡಿಯನ್ನು ಸಮ್ಮತಿಸಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಬ್ಯಾಂಕಿನಲ್ಲಿ ಹಣ ರವಾನೆ, ಲಾಕರ್, ಪಿಂಚಣಿ ಪಾವತಿಯಂತಹ ಸೇವೆಗಳಿವೆ. ಚಿನ್ನದ ಸಾಲದ ಕಂಪೆನಿಯ ಶಾಖೆಗೆ ಹೆಚ್ಚು ಕಡಿಮೆ ಒಂದೇ ಕೆಲಸ. ಬಡ್ಡಿಗೆ ಸಾಲ ಕೊಡುವುದು ಮತ್ತು ವಸೂಲು ಮಾಡುವುದು. ಆದ್ದರಿಂದ ಖರ್ದಾವಿಯವರ ರಿಯಾಯಿತಿಯನ್ನು ಇಲ್ಲಿಗೆ ಎಳೆದು ತರುವವರು ಅದರ ಜೊತೆಗಿರುವ ಷರತ್ತನ್ನೂ ತರಬೇಕು. ಹುಡುಕುತ್ತಿರಬೇಕು ಎಂಬುದೇ ಆ ಷರತ್ತು. ಹುಡುಕಾಟಕ್ಕೆ ದಿನಾಂಕ ಇಲ್ಲದಿದ್ದರೆ ಅದು ಹುಡುಕಾಟವೇ ಅಲ್ಲ.

ನಾವು ಆ ತಂದೆಯೊಡನೆ ಕುಳಿತು ಮಾಡಿದ ಲೆಕ್ಕವನ್ನು ಇಲ್ಲಿ ಹೇಳುತ್ತೇವೆ. ಮಗನ ಕೈಗೆ ಬರುವ ಸಂಬಳ 30,000, ಪ್ರೋತ್ಸಾಹಧನ ಸರಾಸರಿ 8,000. ಮನೆಯ ಖರ್ಚು 26,000. ಪಟ್ಟಣದ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ 20,000 ಸಿಗುವಂತಿದೆ. ಅಂದರೆ ತಿಂಗಳಿಗೆ 6,000 ಕೊರತೆ. ಹೊಸ ಕೆಲಸದಲ್ಲಿ ತಳವೂರಲು ಎರಡು ವರ್ಷಕ್ಕಿಂತ ತುಸು ಹೆಚ್ಚು, 26 ತಿಂಗಳು ಎಂದು ಹಿಡಿದರೆ 1,56,000 ರೂಪಾಯಿಯ ಒತ್ತಾಸೆ ಬೇಕು. ಈಗ ತಿಂಗಳಿಗೆ 12,000 ಉಳಿಸಬಹುದಾದ್ದರಿಂದ 13 ತಿಂಗಳಲ್ಲಿ ಅದು ಕೂಡುತ್ತದೆ. ಕಾಗದದ ಮೇಲೆ ಬಹಳ ಸುಂದರವಾಗಿ ಕಂಡಿತು.

ಆದರೆ ಮಗ ಆ ಕಾಗದವನ್ನು ನೋಡಿ ಒಂದು ಪ್ರಶ್ನೆ ಕೇಳಿದ. 'ಈ 13 ತಿಂಗಳು ನಾನು ಖಾಲಾಗಳಿಗೆ ಪೂರ್ತಿ ತೆಗೆದುಕೊಳ್ಳಿ ಎನ್ನುತ್ತಲೇ ಇರಬೇಕಲ್ಲವೇ?' ಹೌದು, ನಮ್ಮ ಲೆಕ್ಕದಲ್ಲಿ ಪ್ರೋತ್ಸಾಹಧನ ಸೇರಿತ್ತು. ಅವನು ಬಿಡುಗಡೆ ಹೊಂದುವ ಬೆಲೆಯನ್ನು ನೆರೆಹೊರೆಯವರ ಸರಗಳಿಂದ ತೆರುವ ಯೋಜನೆ ಅದಾಗಿತ್ತು. ಬಂದವರಿಗೆ ಅವರು ಕೇಳಿದಷ್ಟೇ ಕೊಟ್ಟು, ಕಂತು ತಪ್ಪಿದರೆ ದರ ಏರುತ್ತದೆಂದು ಬಾಯಿ ಬಿಟ್ಟು ಹೇಳಿದರೆ ಪ್ರೋತ್ಸಾಹಧನ 3,000ಕ್ಕೆ ಇಳಿಯಬಹುದೆಂದು ಅವನೇ ಅಂದಾಜು ಮಾಡಿದ. ಆಗ ಉಳಿತಾಯ 7,000 ಮಾತ್ರ. 13 ತಿಂಗಳಿದ್ದದ್ದು 22 ತಿಂಗಳನ್ನೂ ದಾಟುತ್ತದೆ.

ಇಲ್ಲಿ ತಾಯಿ ಬಾಯಿ ತೆರೆದರು. ಮನೆಯ 26,000 ಖರ್ಚಿನಲ್ಲಿ 3,000 ಮಗನ ದುಬಾರಿ ಬೈಕಿನ ಸಾಲದ ಕಂತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ನೇಹಿತರನ್ನು ನೋಡಿ ಕೊಂಡದ್ದು. ಅದನ್ನು ಮಾರಿ ಸಾಲ ತೀರಿಸಿದರೆ ಖರ್ಚು 23,000ಕ್ಕೆ ಇಳಿಯುತ್ತದೆ. ಆಗ ಕಡಿಮೆ ಪ್ರೋತ್ಸಾಹಧನದಲ್ಲೂ ತಿಂಗಳಿಗೆ 10,000 ಉಳಿಯುತ್ತದೆ. ಹೊಸ ಕೆಲಸದ ಕೊರತೆಯೂ 6,000ದಿಂದ 3,000ಕ್ಕೆ ಇಳಿಯುವುದರಿಂದ 26 ತಿಂಗಳಿಗೆ 78,000 ಸಾಕು. ಎಂಟೇ ತಿಂಗಳಲ್ಲಿ ಅದು ಸಿದ್ಧ. ಪ್ರೋತ್ಸಾಹಧನಕ್ಕಾಗಿ ಓಡಿದ್ದರೆ 13 ತಿಂಗಳು, ಬೈಕು ಮಾರಿದರೆ 8 ತಿಂಗಳು! ಬಹಳಷ್ಟು ಮನೆಗಳಲ್ಲಿ ಮಗನನ್ನು ಬಡ್ಡಿಯ ಕೌಂಟರಿಗೆ ಕಟ್ಟಿಹಾಕುವ ಹಗ್ಗವೂ ಬಡ್ಡಿಯಿಂದಲೇ ಹೊಸೆದದ್ದಾಗಿರುತ್ತದೆ. ಅದು ಬೈಕಿನ ಕಂತಾಗಿರಬಹುದು, ತಂಗಿಯ ಮದುವೆಯ ಹಾಲಿಗೆ ಮಾಡಿದ ಸಾಲವಾಗಿರಬಹುದು.

ಈ ದಾರಿಯಲ್ಲಿ ಒಂದು ಜಾರುವ ಜಾಗವಿದೆ. ಹೊರಡುವ ದಿನ ಹತ್ತಿರವಾದಂತೆ ಹೊಸ ಹೊಸ ಕಾರಣಗಳು ಹುಟ್ಟುತ್ತವೆ. 'ಐದು ವರ್ಷ ತುಂಬಿಸಿದರೆ ಗ್ರಾಚುಯಿಟಿ ಬರುತ್ತದೆ' ಎಂಬುದು ಅವುಗಳಲ್ಲಿ ಮೊದಲನೆಯದು. ಮೂಲವೇತನ 18,000 ಇದ್ದರೆ ಐದು ವರ್ಷಕ್ಕೆ ಬರುವ ಮೊತ್ತ ಸುಮಾರು 52,000. ಅದಕ್ಕಾಗಿ ಈ ಯುವಕ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಯಬೇಕು. ಅಷ್ಟರಲ್ಲಿ ಬಡ್ತಿಯ ಮಾತು ಬರುತ್ತದೆ, ಅದರೊಡನೆ ಇನ್ನೂ ದೊಡ್ಡ ಗುರಿ. ನಮ್ಮ ಅಭಿಪ್ರಾಯ ಇಷ್ಟೇ. ಮೊದಲ ದಿನದ ಕಾಗದದಲ್ಲಿ ಇಲ್ಲದ ಯಾವ ಕಾರಣವನ್ನೂ ನಡುವೆ ಸೇರಿಸಬಾರದು. ದಿನಾಂಕವನ್ನು ತಂದೆ, ತಾಯಿ ಮತ್ತು ಮಗ ಒಟ್ಟಿಗೆ ಬರೆದಿಡಬೇಕು. ಒಬ್ಬನೇ ಬರೆದ ದಿನಾಂಕವನ್ನು ಒಬ್ಬನೇ ಅಳಿಸಬಹುದು.

ಹೊಸ ಕೆಲಸವಾದರೂ ಪೂರ್ಣ ಶುದ್ಧವೇ ಎಂದು ಕೆಲವರು ಕೇಳಬಹುದು. ತೆರಿಗೆ ಸಲಹೆಗಾರರ ಕಚೇರಿಯಲ್ಲೂ ವ್ಯಾಪಾರಿಗಳ ಪುಸ್ತಕದಲ್ಲಿ ಬ್ಯಾಂಕಿನ ಬಡ್ಡಿಯನ್ನು ನಮೂದಿಸಬೇಕಾಗುತ್ತದೆ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ಅವನ ದಿನದ ಕೆಲಸ ಮಾರಾಟ ಮತ್ತು ಖರೀದಿಯ ಲೆಕ್ಕ, ಜಿಎಸ್‌ಟಿ ರಿಟರ್ನ್. ಬಡ್ಡಿಯ ಸಾಲು ಬಂದರೆ ಅದು ಆಗಿಹೋದ ವ್ಯವಹಾರದ ದಾಖಲೆ. ಅವನು ಆ ಸಾಲವನ್ನು ಹುಟ್ಟಿಸುವುದಿಲ್ಲ, ಬಡ್ಡಿ ಬೆಳೆದರೆ ಅವನ ಸಂಬಳ ಬೆಳೆಯುವುದೂ ಇಲ್ಲ. ಯಾವ ಕೆಲಸವನ್ನಾದರೂ ಅಳೆಯಲು ಈ ಎರಡು ಪ್ರಶ್ನೆಗಳು ಸಾಕೆಂದು ನಮಗನಿಸುತ್ತದೆ. ನನ್ನ ಕೈಯಿಂದ ಹುಟ್ಟುತ್ತಿರುವುದೇನು? ಯಾವುದು ಹೆಚ್ಚಿದರೆ ನನ್ನ ಆದಾಯ ಹೆಚ್ಚುತ್ತದೆ? ಅಂದಹಾಗೆ, ಬಿ.ಕಾಂ. ಪದವೀಧರರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು, ಅದಕ್ಕಾಗಿರುವ ಪರೀಕ್ಷೆ ಬರೆದು ಸ್ವಂತ ಕಚೇರಿಯನ್ನೇ ತೆರೆಯಬಹುದು. ಆ 26 ತಿಂಗಳುಗಳು ಇದಕ್ಕಾಗಿಯೇ ಇರುವಂಥವು.

ಇನ್ನೊಂದು ಎಚ್ಚರಿಕೆ. ಬಡ್ಡಿಯಿಂದ ಹೊರಬರಲು ಹೊರಟವರನ್ನು ಹಿಡಿಯಲು 'ಹಲಾಲ್' ಎಂಬ ಫಲಕ ಹೊತ್ತ ಬಲೆಯೂ ಕಾದಿರುತ್ತದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಹಣ ಕಳೆದುಕೊಂಡ ಸಾವಿರಾರು ಮಂದಿಯಲ್ಲಿ ಹೆಚ್ಚಿನವರು ನಮ್ಮವರೇ ಆಗಿದ್ದರು. ಅನೇಕರು ಬಡ್ಡಿ ಬೇಡವೆಂದೇ ಅಲ್ಲಿಗೆ ಹೋದವರು. ಇಂತಹ ಕಡೆ ಉದ್ಯೋಗದ ಆಹ್ವಾನ ಬಂದರೆ ಗುರುತಿಸುವುದು ಹೇಗೆ? ವ್ಯಾಪಾರದಲ್ಲಿ ಲಾಭ ಏರಿಳಿಯುತ್ತದೆ, ನಷ್ಟವೂ ಆಗುತ್ತದೆ. ವ್ಯಾಪಾರದ ಹೆಸರಿನಲ್ಲಿ ಪ್ರತಿ ತಿಂಗಳೂ ತಪ್ಪದೆ ದೊಡ್ಡ ಲಾಭಾಂಶ ಹಂಚಲಾಗುತ್ತಿದ್ದರೆ, ಸಂಬಂಧಿಕರನ್ನು ಕರೆತಂದರೆ ಕಮಿಷನ್ ಕೊಡಲಾಗುತ್ತಿದ್ದರೆ ಅಲ್ಲಿಂದ ದೂರವಿರಬೇಕು. ನೆರೆಮನೆಯವರ ಸರವನ್ನು ಅಡವಿರಿಸಿಕೊಂಡವನಿಗಿಂತ ನೆರೆಮನೆಯವರ ಉಳಿತಾಯವನ್ನೇ ಮುಳುಗಿಸಿದವನ ಸ್ಥಿತಿ ಉತ್ತಮವೇನಲ್ಲ.

ಕೊನೆಯದಾಗಿ ನಮ್ಮ ಜಮಾಅತ್‌ಗಳೊಡನೆ ಒಂದು ಮಾತು. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು 2008ರಲ್ಲಿ ರಘುರಾಮ್ ರಾಜನ್ ಸಮಿತಿ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾವವನ್ನು ಕೈಬಿಟ್ಟಿರುವುದಾಗಿ ತಿಳಿಸಿತು. ಸರಕಾರವನ್ನು ದೂರಲು ನಮಗೆ ಕಾರಣವಿದೆ. ಆದರೆ ಚಿನ್ನ ಇಟ್ಟುಕೊಂಡು ಬಡ್ಡಿಯಿಲ್ಲದೆ ಸಾಲ ಕೊಡಲು ಬ್ಯಾಂಕೇ ಬೇಕೆಂದಿಲ್ಲ. ಉತ್ತರ ಪ್ರದೇಶದ ದೇವ್‌ಬಂದ್‌ನಲ್ಲಿ 1961ರಲ್ಲಿ ಆರಂಭವಾದ ಮುಸ್ಲಿಮ್ ಫಂಡ್ ಈ ಕೆಲಸವನ್ನು ಮಾಡಿ ತೋರಿಸಿದೆ. ಜನರ ಉಳಿತಾಯವನ್ನು ಬಡ್ಡಿಯಿಲ್ಲದೆ ಪಡೆದು, ಆಭರಣದ ಅಡವಿನ ಮೇಲೆ ಬಡ್ಡಿಯಿಲ್ಲದೆ ಸಾಲ ಕೊಡುವುದು ಅದರ ಕ್ರಮ. ಕಚೇರಿ ಖರ್ಚಿಗೆ ಶುಲ್ಕ ಪಡೆಯಬಹುದೇ ಎಂಬ ಪ್ರಶ್ನೆಗೆ, ನಿಜವಾಗಿ ತಗಲಿದ ವೆಚ್ಚದಷ್ಟು ಮಾತ್ರ ಪಡೆಯಬಹುದೆಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 1986ರಲ್ಲಿ ನಿರ್ಣಯಿಸಿತು. ಸಾಲದ ಮೊತ್ತಕ್ಕೋ ಅವಧಿಗೋ ತಕ್ಕಂತೆ ಶುಲ್ಕ ಏರಲಾರಂಭಿಸಿದರೆ ಅದು ಬಡ್ಡಿಯ ಇನ್ನೊಂದು ಹೆಸರಷ್ಟೇ. ಜನರಿಂದ ಠೇವಣಿ ಪಡೆಯುವುದಾದರೆ ಸಹಕಾರಿ ಕಾಯ್ದೆಯಡಿ ನೋಂದಣಿ ಮತ್ತು ಪ್ರತಿವರ್ಷ ಲೆಕ್ಕಪರಿಶೋಧನೆ ಇರಲೇಬೇಕು. ಠೇವಣಿಯ ಗೊಡವೆ ಬೇಡವೆಂದರೆ ಊರಿನ ಅನುಕೂಲಸ್ಥರು ಕೊಡುವ ದಾನದ ನಿಧಿಯಿಂದಲೇ ಸಣ್ಣದಾಗಿ ಆರಂಭಿಸಬಹುದು.

ಅಂತಹ ನಿಧಿಗೆ ಯಾರು ಬೇಕು? ಒರೆಗಲ್ಲು ಹಿಡಿಯಬಲ್ಲವನು, ಕಲ್ಲಿನ ತೂಕವನ್ನು ನ್ಯಾಯವಾಗಿ ಕಳೆಯಬಲ್ಲವನು, ನಕಲಿ ಚಿನ್ನವನ್ನು ಗುರುತಿಸಬಲ್ಲವನು, ರಸೀದಿ ಮತ್ತು ತಿಜೋರಿಯ ಶಿಸ್ತನ್ನು ಬಲ್ಲವನು ಬೇಕು. ಅಂಥವನು ನಮ್ಮ ಊರಿನಲ್ಲೇ ಇದ್ದಾನೆ. ಆ ತಂದೆಯ ಮಗನೇ ಅವನು. ಕಂಪೆನಿ ಅವನಿಗೆ ಕಲಿಸಿದ ವಿದ್ಯೆಯಲ್ಲಿ ಹರಾಮ್ ಏನೂ ಇಲ್ಲ. ಅದನ್ನು ಬಳಸಿಕೊಳ್ಳುವ ಕೌಂಟರು ನಮ್ಮಲ್ಲಿಲ್ಲ, ಅಷ್ಟೇ. ಶುಕ್ರವಾರ ಮಿಂಬರಿನಿಂದ ಬಡ್ಡಿಯ ವಿರುದ್ಧ ಉಪದೇಶ ಕೇಳಿ, ಶನಿವಾರ ಬೆಳಗ್ಗೆ ಬುರ್ಖಾದೊಳಗೆ ಸರ ಮುಚ್ಚಿಕೊಂಡು ಅದೇ ಶಾಖೆಯ ಮೆಟ್ಟಿಲೇರುವ ತಾಯಂದಿರಿಗೆ ನಾವು ಬೇರೆ ಮೆಟ್ಟಿಲನ್ನು ಕಟ್ಟಿಕೊಟ್ಟಿಲ್ಲ. ಅದನ್ನು ಕಟ್ಟುವವರೆಗೆ, ಕೌಂಟರಿನ ಈಚೆ ಕುಳಿತ ಆ ಯುವಕನತ್ತ ಬೆರಳು ತೋರಿಸುವ ಮುನ್ನ ನಮ್ಮ ಜಮಾಅತ್‌ನ ಲೆಕ್ಕಪುಸ್ತಕವನ್ನು ಒಮ್ಮೆ ತೆರೆದು ನೋಡೋಣ. ಕಳೆದ ವರ್ಷ ಹಾಲಿನ ನವೀಕರಣಕ್ಕೆ ಎಷ್ಟು ವೆಚ್ಚವಾಗಿದೆ, ಸಾಲದಲ್ಲಿ ಸಿಕ್ಕಿಕೊಂಡವರಿಗೆ ಎಷ್ಟು ವೆಚ್ಚವಾಗಿದೆ?